ವೂಟ್ಜ್ ಅಲ್ಲ, ಉಕ್ಕು

ಮೊನ್ನೆ ಒಂದು ಕನ್ನಡ ಬರಹದಲ್ಲಿ ‘ವೂಟ್ಜ್ ಎಂಬ ವಿಶೇಷ ಉಕ್ಕು’ ಅಂತ ಓದಿದೆ. ಈ ವರ್ಷ ಇದು ಎಷ್ಟನೇ ಸಲವೋ, ಲೆಕ್ಕ ತಪ್ಪಿದೆ. ಅದರ ಅರ್ಥ ‘ಉಕ್ಕು ಎಂಬ ಉಕ್ಕು’ ಅಷ್ಟೇ. ನಮ್ಮದೇ ಪದ ಹಡಗು ಹತ್ತಿ ಹೋಗಿ, ಗುರುತು ಸಿಗದ ವೇಷದಲ್ಲಿ ವಾಪಸ್ ಬಂದಿದೆ.

1794ರ ಸುಮಾರಿಗೆ ಮುಂಬಯಿಯಲ್ಲಿದ್ದ ಹೆಲೆನಸ್ ಸ್ಕಾಟ್ ಎಂಬ ವೈದ್ಯ ಈ ಲೋಹದ ಗಟ್ಟಿಗಳನ್ನು ಲಂಡನ್ನಿನ ವಿಜ್ಞಾನಿಗಳ ಸಂಘ ರಾಯಲ್ ಸೊಸೈಟಿಯ ಅಧ್ಯಕ್ಷ ಜೋಸೆಫ್ ಬ್ಯಾಂಕ್ಸ್‌ಗೆ ಕಳಿಸಿದ. 1795ರಲ್ಲಿ ರಸಾಯನತಜ್ಞ ಜಾರ್ಜ್ ಪಿಯರ್ಸನ್ ಅವುಗಳನ್ನು ಪರೀಕ್ಷಿಸಿ ಅದೇ ಸೊಸೈಟಿಯ ಮುಂದೆ ಪ್ರಬಂಧ ಇಟ್ಟ. ‘ವೂಟ್ಜ್’ ಪ್ರಚಾರಕ್ಕೆ ಬಂದದ್ದು ಅಲ್ಲಿಂದ. ಊರು ಎನ್ನುವಾಗ ‘ವೂರು’ ಅಂತೀವಲ್ವಾ, ಹಾಗೇ ಉಕ್ಕು ‘ವುಕ್ಕು’ ಆಗಿ ಕೇಳಿಸಿರಬೇಕು. ಆಮೇಲೆ ಯಾರೋ ಕೈಬರಹದ ಕೆ ಅಕ್ಷರವನ್ನು ಟಿ-ಝೆಡ್ ಎಂದು ಓದಿರಬೇಕು ಎಂಬ ಊಹೆಯೇ ಹೆಚ್ಚು ಬಳಕೆಯಲ್ಲಿದೆ. ನನಗೂ ಅದೇ ಒಪ್ಪಿಗೆ.

ಇನ್ನೊಂದು ತಪ್ಪು ನನ್ನನ್ನು ಇದಕ್ಕಿಂತ ಜಾಸ್ತಿ ಕೆಣಕುತ್ತದೆ. ‘ಹಾಲಿನಂತೆ ಉಕ್ಕುತ್ತದೆ, ಅದಕ್ಕೇ ಉಕ್ಕು’ ಎನ್ನುವವರಿದ್ದಾರೆ. ಕೇಳಲು ಚೆನ್ನಾಗಿದೆ, ಆದರೆ ಸರಿಯಲ್ಲ. ಪದದ ಹಳೆಯ ರೂಪ ಉರ್ಕು. ತಮಿಳಿನಲ್ಲಿ ಉರುಕು ಎಂದರೆ ಕರಗು, ಉರುಕ್ಕು ಎಂದರೆ ಉಕ್ಕು. ಇರ್ದ ಎಂಬುದು ಇದ್ದ, ಕರ್ಚು ಎಂಬುದು ಕಚ್ಚು ಆದಂತೆ ಉರ್ಕು ಉಕ್ಕಾಯಿತು. ಅಂದರೆ ಇದು ಕರಗಿಸಿ ಮಾಡಿದ್ದು. ನಿಜವಾಗಿ ಉಕ್ಕಿ ಹೊರಗೆ ಚೆಲ್ಲಿದರೆ ಕುಲುಮೆಯವನ ಕೆಲಸವೇ ಕೆಟ್ಟಿತು ಅಂತ ಅರ್ಥ!

ಕರಗಿಸುವುದರಲ್ಲೇ ಗುಟ್ಟು. ಅದಿರಿನಿಂದ ಮೊದಲು ಸಿಗುವುದು ಮೆದು ಕಬ್ಬಿಣ. ಅದು ಕರಗಲು 1,500 ಡಿಗ್ರಿ ಸೆಲ್ಸಿಯಸ್ ದಾಟಬೇಕು, ತಿದಿ ಊದಿ ಅಷ್ಟು ಕಾವು ತರುವುದು ಬಲು ಕಷ್ಟ. ಆದರೆ ಕಾದ ಕಬ್ಬಿಣ ಇಂಗಾಲ ಹೀರಿದಂತೆಲ್ಲ ಕರಗುವ ಮಟ್ಟ ಇಳಿಯುತ್ತದೆ. 1800ರ ಸುಮಾರಿಗೆ ಮೈಸೂರು ಸೀಮೆ ಸುತ್ತಿದ ಈಸ್ಟ್ ಇಂಡಿಯಾ ಕಂಪನಿಯ ವೈದ್ಯ ಫ್ರಾನ್ಸಿಸ್ ಬುಕಾನನ್ ಕಂಡ ವಿಧಾನ ಹೀಗಿತ್ತು. ಶಂಕುವಿನಾಕಾರದ ಹಸಿ ಮಣ್ಣಿನ ಮೂಸೆಗೆ ಕಬ್ಬಿಣದ ತುಂಡು, ಸ್ವಲ್ಪ ತಂಗಡಿ ಗಿಡದ ಕಡ್ಡಿ, ಎರಡು ಹಸಿರೆಲೆ ಹಾಕುತ್ತಿದ್ದರು. ಮಣ್ಣಿನ ಮುಚ್ಚಳ ಇಟ್ಟು, ಸಂದು ಮೆತ್ತಿ, ಬೆಂಕಿಯ ಹತ್ತಿರ ಒಣಗಿಸುತ್ತಿದ್ದರು. ಇಂಥ ಹದಿನೈದು ಮೂಸೆಗಳನ್ನು ಕುಲುಮೆಯ ಬಾಯಲ್ಲಿ ಗುಮ್ಮಟದಂತೆ ಜೋಡಿಸಿ, ಇದ್ದಿಲು ಸುರಿದು, ನಾಲ್ಕು ಗಂಟೆ ತಿದಿ ಊದುತ್ತಿದ್ದರು.

ಎಲೆಯಲ್ಲಿ ಮಂತ್ರವೇನಿಲ್ಲ. ಕಡ್ಡಿ, ಎಲೆ ಸುಟ್ಟು ಇಂಗಾಲವಾಗುತ್ತವೆ. ಮುಚ್ಚಿದ ಮೂಸೆಯೊಳಗೆ ಹೊರಗಿನ ಗಾಳಿ ಆಡುವುದಿಲ್ಲ, ಹಾಗಾಗಿ ಅದು ಉರಿದು ಹೋಗದೆ ಕಬ್ಬಿಣಕ್ಕೆ ಇಳಿಯುತ್ತದೆ. ಕಬ್ಬಿಣ ಪೂರ್ತಿ ಕರಗಿದಾಗ ಅದರಲ್ಲಿ ಸಿಕ್ಕಿಕೊಂಡ ಕಿಟ್ಟ ಮೇಲೆ ತೇಲಿ ಬೇರೆಯಾಗುತ್ತದೆ. ಬಡಿದೇ ಮಾಡಿದ ಕಬ್ಬಿಣದಲ್ಲಿ ಕಿಟ್ಟ ಅಷ್ಟು ಚೊಕ್ಕವಾಗಿ ಹೋಗುವುದಿಲ್ಲ. ಮೂಸೆ ಆರಿದ ಮೇಲೆ ಒಡೆದರೆ ಒಳಗೆ ಗುಂಡನೆಯ ಗಟ್ಟಿ. ಅದರ ಮೈಮೇಲೆ ಹರಳು ಕಟ್ಟಿದ ಗೆರೆ ಕಂಡರೆ ಪೂರ್ತಿ ಕರಗಿದೆ ಎಂದು ಲೆಕ್ಕ.

ಈ ಗಟ್ಟಿಯಲ್ಲಿ ಸಾಮಾನ್ಯವಾಗಿ ನೂರಕ್ಕೆ ಒಂದೂವರೆ ಪಾಲಿನಷ್ಟು ಇಂಗಾಲ. ಈಗಿನ ಮಾಮೂಲಿ ಉಕ್ಕಿಗೆ ಹೋಲಿಸಿದರೆ ಇದು ವಿಪರೀತ. ಹಾಗಾಗಿ ಅಲಗು ಗಟ್ಟಿ, ಹರಿತ ಬೇಗ ಮಂಕಾಗದು. ತೆಲಂಗಾಣದ ಕೋನಸಮುದ್ರಕ್ಕೆ ಪರ್ಷಿಯಾದ ವ್ಯಾಪಾರಿಗಳು ಬಂದು ಗಟ್ಟಿ ಕೊಳ್ಳುತ್ತಿದ್ದರು. ಅರಬ್ಬಿಯಲ್ಲಿ ಕತ್ತಿಗೆ ‘ಮುಹನ್ನದ್’ ಎಂಬ ಹೆಸರೇ ಇದೆ, ಹಿಂದ್‌ನ ಕಬ್ಬಿಣದ್ದು ಅಂತ.

ಆದರೆ ಒಳ್ಳೆ ಗಟ್ಟಿ ಸಿಕ್ಕಿದ ಮಾತ್ರಕ್ಕೆ ಒಳ್ಳೆ ಕತ್ತಿ ಆಗದು. ಮೆದು ಕಬ್ಬಿಣದ ಅಭ್ಯಾಸದಲ್ಲಿ ಯುರೋಪಿನ ಕಮ್ಮಾರರು ಇದನ್ನು ಬೆಳ್ಳಗೆ ಕಾಯಿಸಿ ಬಡಿದರು, ಅದು ಪುಡಿಯಾಯಿತು. ಇಷ್ಟು ಇಂಗಾಲವಿದ್ದರೆ ಆ ಕಾವಿಗೆ ಒಳಗೇ ಅಲ್ಲಲ್ಲಿ ಕರಗತೊಡಗುತ್ತದೆ. ಕೆಂಪು ಕಾವಿನಲ್ಲೇ ಮತ್ತೆ ಮತ್ತೆ ಕಾಯಿಸಿ ಸ್ವಲ್ಪ ಸ್ವಲ್ಪ ಬಡಿಯಬೇಕು. ಹಾಗೆ ಮಾಡಿದಾಗ ಕಬ್ಬಿಣ-ಇಂಗಾಲದ ಗಟ್ಟಿ ಕಣಗಳು ಸಾಲುಗಟ್ಟುತ್ತವೆ. ಅಲಗನ್ನು ಉಜ್ಜಿ ಆಮ್ಲ ಸವರಿದರೆ ಅದೇ ನೀರಲೆಯಂಥ ಗೆರೆಯಾಗಿ ಕಾಣುತ್ತದೆ. ಅದಿರಿನಲ್ಲಿ ವನೇಡಿಯಂನಂಥ ಲೋಹದ ಸುಳಿವು ಇದ್ದರೆ ಗೆರೆ ಚೆನ್ನಾಗಿ ಏಳುತ್ತದೆ ಎಂದು ಲೋಹತಜ್ಞ ಜಾನ್ ವರ್ಹೋವನ್ ಮತ್ತು ಕಮ್ಮಾರ ಆಲ್‌ಫ್ರೆಡ್ ಪೆಂಡ್ರೆ ಕತ್ತಿ ಮಾಡಿಯೇ ತೋರಿಸಿದರು.

ಇಂಥ ನೀರಲೆ ಗೆರೆಯ ಕತ್ತಿಗಳಿಗೆ ಯುರೋಪಿನವರು ಕೊಟ್ಟ ಹೆಸರು ‘ಡಮಾಸ್ಕಸ್’. ಆದರೆ ಈಗ ಆ ಹೆಸರಲ್ಲಿ ಮಾರುವ ಅಡುಗೆ ಚಾಕುಗಳಲ್ಲಿ ಹೆಚ್ಚಿನವು ಇದಲ್ಲ. ಎರಡು ಬಗೆಯ ಉಕ್ಕನ್ನು ಪದರ ಪದರವಾಗಿ ಬೆಸೆದು ತರಿಸಿದ ಗೆರೆ ಅದು. ಚಾಕುವಿನ ಬೆನ್ನನ್ನು ನೋಡಿ, ಎಷ್ಟೋ ಸಲ ಅಲ್ಲೇ ಪದರಗಳು ಕಾಣುತ್ತವೆ. ಮೂಸೆಯ ಉಕ್ಕಿನಲ್ಲಿ ಹಾಗೆ ಬೆಸೆದ ಪದರವೇ ಇರುವುದಿಲ್ಲ, ಅದು ಒಂದೇ ಗಟ್ಟಿ.