ಗುಂಪು ಫೋಟೋದಲ್ಲಿ ಆಯಿ ಕಣ್ಣು ಮುಚ್ಚಿದ್ದಾರೆ, ಇನ್ನೊಂದು ಫೋಟೋದ ಮುಖ ತಂದು ಕೂರಿಸಬಹುದೇ?

ಶಿರಸಿ ಕಡೆಯ ಓದುಗರೊಬ್ಬರ ಪ್ರಶ್ನೆ: "ಮಗನ ಉಪನಯನದಲ್ಲಿ ಹದಿನೆಂಟು ಜನರ ಗುಂಪು ಫೋಟೋ ತೆಗೆಸಿದ್ದೆವು. ಒಂದರಲ್ಲಿ ಎಲ್ಲರೂ ಚೆನ್ನಾಗಿದ್ದಾರೆ, ಆದರೆ ನಮ್ಮ ಆಯಿ ಕಣ್ಣು ಮುಚ್ಚಿದ್ದಾರೆ. ಮುಂದಿನದರಲ್ಲಿ ಆಯಿ ಕಣ್ಣು ತೆರೆದಿದ್ದಾರೆ, ಮಗ ತಲೆ ತಗ್ಗಿಸಿದ್ದಾನೆ. ಎರಡನೆಯದರಿಂದ ಆಯಿಯ ಮುಖ ಕತ್ತರಿಸಿ ಮೊದಲನೆಯದರ ಮೇಲೆ ಇಟ್ಟೆ. ಅಂಟಿಸಿದ ಹಾಗೇ ಕಾಣುತ್ತಿದೆ. ಏನು ತಪ್ಪಾಯಿತು?"

ಮುಖದ ಅಂಚಿನಲ್ಲೇ ಕತ್ತರಿಸಿದ್ದು ತಪ್ಪಾಯಿತು. ಕೆನ್ನೆ, ಗಲ್ಲ, ಕೂದಲಿನ ಅಂಚು ನಮ್ಮ ಕಣ್ಣು ಮೊದಲು ನೋಡುವ ಜಾಗಗಳು. ಜೋಡಣೆಯ ಗೆರೆ ಅಲ್ಲೇ ಬಂದರೆ ಎಷ್ಟು ನಯ ಮಾಡಿದರೂ ಗೊತ್ತಾಗುತ್ತದೆ. ಇನ್ನೊಂದು ತೊಂದರೆಯೂ ಇದೆ. ಎರಡು ಕ್ಲಿಕ್‌ಗಳ ನಡುವೆ ಆಯಿ ತಲೆಯನ್ನು ಸ್ವಲ್ಪವಾದರೂ ಆಚೀಚೆ ಮಾಡಿರುತ್ತಾರೆ. ಆಗ ಹೊಸ ಮುಖದ ಪಕ್ಕದಲ್ಲಿ ಹಳೆಯ ಕಿವಿಯೋ ಓಲೆಯೋ ಇಣುಕುತ್ತದೆ.

ಹಾಗಾಗಿ ಮುಖ ಮಾತ್ರ ತರಬೇಡಿ. ತಲೆ, ಕುತ್ತಿಗೆ, ಜೊತೆಗೆ ತಲೆಯ ಹಿಂದೆ ಕಾಣುವ ಸೋಗೆ ಚಪ್ಪರದ ತುಂಡನ್ನೂ ತನ್ನಿ. ಗೆರೆ ಚಪ್ಪರದ ಮೇಲೆ, ಸೀರೆಯ ಸೆರಗಿನ ಅಂಚಿನಲ್ಲಿ ಹಾದುಹೋಗಲಿ. ಅಲ್ಲಿ ಯಾರೂ ನೋಡುವುದಿಲ್ಲ, ಅಲ್ವಾ?

ಫೋಟೋ ತಿದ್ದಲು ಉಚಿತವಾಗಿ ಸಿಗುವ GIMP ತಂತ್ರಾಂಶದಲ್ಲಿ ಇದನ್ನು ಮಾಡಬಹುದು. ಮೊದಲ ಫೋಟೋ ತೆರೆಯಿರಿ. ಎರಡನೆಯದನ್ನು `File > Open as Layers` ಮೂಲಕ ತೆರೆದರೆ ಅದು ಮೇಲೆ ಬಂದು ಕೂರುತ್ತದೆ. ಮೇಲಿನ ಲೇಯರ್‌ನ Mode ಅನ್ನು Difference ಮಾಡಿ. ಈಗ ಎರಡೂ ಫೋಟೋ ಒಂದೇ ಆಗಿರುವ ಜಾಗ ಕಪ್ಪಾಗುತ್ತದೆ, ಬೇರೆ ಇರುವ ಜಾಗ ಬೆಳಗಿ ಕಾಣುತ್ತದೆ. Move ಟೂಲ್ ಹಿಡಿದು ಬಾಣದ ಕೀಗಳಿಂದ ಸ್ವಲ್ಪ ಸ್ವಲ್ಪ ಸರಿಸಿ. ಇಡೀ ಫೋಟೋ ಹೊಂದಿಸಲು ಹೋಗಬೇಡಿ. ಕೈಯಲ್ಲಿ ಹಿಡಿದು ತೆಗೆದ ಫೋಟೋಗಳು ಎಲ್ಲ ಕಡೆ ಒಟ್ಟಿಗೆ ಕೂರುವುದು ಕಡಿಮೆ. ಆಯಿಯ ಹೆಗಲು ಮತ್ತು ತಲೆಯ ಸುತ್ತಲಿನ ಚಪ್ಪರ ಕಪ್ಪಾದರೆ ಸಾಕು. ಮುಖ ಕಪ್ಪಾಗುವುದಿಲ್ಲ, ಆಗಬೇಕಾಗಿಯೂ ಇಲ್ಲ.

ಆಮೇಲೆ Mode ಮತ್ತೆ Normal ಮಾಡಿ. ಮೇಲಿನ ಲೇಯರ್ ಮೇಲೆ ಬಲ ಕ್ಲಿಕ್ ಮಾಡಿ, `Black (full transparency)` ಆರಿಸಿ ಲೇಯರ್ ಮಾಸ್ಕ್ ಸೇರಿಸಿ. ಎರಡನೆಯ ಫೋಟೋ ಪೂರ್ತಿ ಮಾಯವಾಗುತ್ತದೆ. ಬಿಳಿ ಬಣ್ಣದ ಬ್ರಶ್ ತೆಗೆದುಕೊಂಡು ಆಯಿಯ ತಲೆಯ ಮೇಲೆ, ಸುತ್ತಲಿನ ಚಪ್ಪರದ ಮೇಲೆ ಬಳಿಯಿರಿ. ಬಳಿದಲ್ಲೆಲ್ಲ ಕಣ್ಣು ತೆರೆದ ಆಯಿ ಮೂಡುತ್ತಾರೆ. ಜಾಸ್ತಿ ಬಳಿದರೆ ಕಪ್ಪು ಬಣ್ಣದಿಂದ ಹಿಂದಕ್ಕೆ ತರಬಹುದು. ಚಪ್ಪರದಂಥ ಜಾಗಕ್ಕೆ ಮೆತ್ತಗಿನ ಬ್ರಶ್ ಸರಿ. ಸೆರಗಿನ ಅಂಚು, ಪಕ್ಕದವರ ಹೆಗಲು ತಾಗುವಲ್ಲಿ ಬ್ರಶ್‌ನ Hardness ಹೆಚ್ಚಿಸಿ, ಇಲ್ಲದಿದ್ದರೆ ಅಂಚು ಮಂಜಾಗುತ್ತದೆ.

ಸೋಗೆ ಚಪ್ಪರದ ಕೆಳಗೆ ನಿಜವಾದ ಕಷ್ಟ ಬಿಸಿಲಿನದು. ಸಂದಿಯಿಂದ ಬೀಳುವ ಬಿಸಿಲಿನ ಚುಕ್ಕೆ ಗಾಳಿಗೆ ಸರಿಯುತ್ತದೆ. ಒಂದು ಫೋಟೋದಲ್ಲಿ ಅದು ಆಯಿಯ ಹಣೆಯ ಮೇಲಿದ್ದು, ಇನ್ನೊಂದರಲ್ಲಿ ಕೆನ್ನೆಯ ಮೇಲಿರಬಹುದು. ತಲೆ ಪೂರ್ತಿ ತಂದರೆ ಚುಕ್ಕೆಯೂ ಜೊತೆಗೇ ಬರುವುದರಿಂದ ವಿಚಿತ್ರ ಕಾಣದು. ಕಣ್ಣು ಮಾತ್ರ ತಂದರೆ ಅರ್ಧ ಚುಕ್ಕೆ ಉಳಿದು ಕೆಡುತ್ತದೆ. ಇಡೀ ಮುಖ ಒಂದು ಛಾಯೆ ಕಪ್ಪಾಗಿದ್ದರೆ `Colors > Curves` ನಲ್ಲಿ ಸ್ವಲ್ಪ ಎತ್ತಿ. ಅದಕ್ಕೆ ಮೊದಲು ಮಾಸ್ಕ್ ಅಲ್ಲ, ಫೋಟೋದ ಚಿಕ್ಕ ಚಿತ್ರದ ಮೇಲೆ ಕ್ಲಿಕ್ ಮಾಡಿದ್ದೀರಾ ನೋಡಿಕೊಳ್ಳಿ. ಇದನ್ನು ಮರೆತು ಮಾಸ್ಕನ್ನೇ ಬದಲಿಸುವವರು ತುಂಬಾ ಜನ.

ಕಣ್ಣು ಮಾತ್ರ ತರುವುದು ಯಾವಾಗ? ತಲೆ ಅಲುಗದೆ, ಎರಡರಲ್ಲೂ ನಗು ಒಂದೇ ಇದ್ದಾಗ ಮಾತ್ರ. ನಕ್ಕಾಗ ಕೆನ್ನೆ ಮೇಲೇರಿ ಕೆಳರೆಪ್ಪೆಯನ್ನು ಎತ್ತುತ್ತದೆ. ನಗದ ಕಣ್ಣನ್ನು ನಗುವ ಬಾಯಿಯ ಮೇಲೆ ಇಟ್ಟರೆ ಆಯಿ ಆಯಿಯಂತೆ ಕಾಣುವುದಿಲ್ಲ. ಮನೆಯವರಿಗೆ ಅದು ತಕ್ಷಣ ತಿಳಿಯುತ್ತದೆ, ಕಾರಣ ಹೇಳಲು ಬಾರದಿದ್ದರೂ. ಕನ್ನಡಕ ಇದ್ದರಂತೂ ತಲೆಯನ್ನೇ ತನ್ನಿ.

ಎರಡನೆಯ ಫೋಟೋ ನಿಮಗೆ ವಾಟ್ಸಾಪ್‌ನಲ್ಲಿ ಬಂದಿದ್ದರೆ ಅದು ಕುಗ್ಗಿರುತ್ತದೆ. ಹಿಗ್ಗಿಸಿ ಕೂರಿಸಿದರೆ ಆಯಿ ಒಬ್ಬರೇ ಮಸುಕಾಗುತ್ತಾರೆ. ಫೋಟೋ ತೆಗೆದವರ ಹತ್ತಿರ ಮೂಲ ಫೈಲನ್ನು Document ಆಗಿ ಕಳಿಸಲು ಹೇಳಿ.

ಮುಂದಿನ ಕಾರ್ಯಕ್ಕೆ ಒಂದು ಲೆಕ್ಕ ಇದೆ. ಆಸ್ಟ್ರೇಲಿಯಾದ ನಿಕ್ ಸ್ವೆನ್ಸನ್ ಮತ್ತು ಪಿಯರ್ಸ್ ಬಾರ್ನ್ಸ್ ಕಣ್ಣು ಮಿಟುಕಿಸುವುದನ್ನು ಲೆಕ್ಕ ಹಾಕಿ 2006ರಲ್ಲಿ, ಮೊದಲು ನಗಿಸಿ ಆಮೇಲೆ ಯೋಚಿಸುವಂತೆ ಮಾಡುವ ಸಂಶೋಧನೆಗೆ ಕೊಡುವ ಇಗ್ ನೊಬೆಲ್ ಪ್ರಶಸ್ತಿ ಪಡೆದರು. ಇಪ್ಪತ್ತಕ್ಕಿಂತ ಕಡಿಮೆ ಜನರಿದ್ದರೆ ಜನರ ಸಂಖ್ಯೆಯನ್ನು ಒಳ್ಳೆಯ ಬೆಳಕಿನಲ್ಲಿ 3ರಿಂದ, ಮಂದ ಬೆಳಕಿನಲ್ಲಿ 2ರಿಂದ ಭಾಗಿಸಿ, ಅಷ್ಟು ಫೋಟೋ ತೆಗೆಯಿರಿ ಎಂದರು. ನಿಮ್ಮ ಹದಿನೆಂಟು ಜನರಿಗೆ ಅಂಗಳದ ಬೆಳಕಿನಲ್ಲಿ 6, ಜಗುಲಿಯ ಒಳಗೆ 9. ಯಾರೂ ಜಾಗ ಬಿಡುವ ಮೊದಲೇ ತೆಗೆದರೆ, ಎಲ್ಲರೂ ಕಣ್ಣು ತೆರೆದ ಒಂದು ಸಿಗದಿದ್ದರೂ ಜೋಡಿಸಲು ಹೊಂದುವ ತಲೆ ಸಿಗುತ್ತದೆ.

ಮುಗಿದ ಮೇಲೆ ಫೋಟೋವನ್ನು ಎಡಬಲ ತಿರುಗಿಸಿ ಒಮ್ಮೆ ನೋಡಿ. ನೋಡಿ ನೋಡಿ ಅಭ್ಯಾಸವಾದ ಕಣ್ಣಿಗೆ ತಪ್ಪಿದ ಓಲೆ, ತುಂಡಾದ ಸರ ಆಗ ಎದ್ದು ಕಾಣುತ್ತದೆ. ಪ್ರಿಂಟಿಗೆ JPEG ಕೊಡಿ, ಆದರೆ GIMP ನದೇ ಆದ XCF ಫೈಲನ್ನೂ ಇಟ್ಟುಕೊಳ್ಳಿ. ಅದರಲ್ಲಿ ಮಾಸ್ಕ್ ಹಾಗೇ ಇರುತ್ತದೆ. ದೊಡ್ಡಾಯಿ ಏನಾದರೂ ತಪ್ಪು ಹಿಡಿದರೆ ಬ್ರಶ್‌ನಿಂದ ಅಲ್ಲಿಷ್ಟೇ ಸರಿಮಾಡಬಹುದು.