ನೇರವಾಗಿ ಕೇಳಿದರೆ ಒರಟಾಗುತ್ತದೆಯೇ?

ಪ್ರಶ್ನೆ: ಬೆಂಗಳೂರಿನಲ್ಲಿ ನಾವು ಮೂವರು ಒಂದೇ ಮನೆಯಲ್ಲಿದ್ದೇವೆ. ಒಬ್ಬರು ತಮ್ಮ ಸರದಿ ಬಂದಾಗ ಹಸಿ ಕಸ ಕೆಳಗಿಡುವುದೇ ಇಲ್ಲ. "ಕೆಲವರಿಗೆ ವಾಸನೆ ಬರಲ್ಲ ಅನ್ಸುತ್ತೆ. ಇವತ್ತಾದ್ರೂ ಯಾರಾದ್ರೂ ಕಸ ಇಡ್ತೀರಾ?" ಎಂದು ಗ್ರೂಪಿಗೆ ಹಾಕಿದೆ. ಅವರು ಮಾತೇ ಬಿಟ್ಟರು. ನೇರವಾಗಿ ಹೇಳಿದ್ದರೆ ಇನ್ನೂ ಒರಟಾಗುತ್ತಿತ್ತು ಅಲ್ವಾ?

ಉತ್ತರ: ಇಲ್ಲ. ಇದನ್ನು ಎಷ್ಟು ಸಲ ಹೇಳಿದರೂ, ಸುತ್ತಿ ಬಳಸಿ ಹೇಳುವುದೇ ಮರ್ಯಾದೆ ಎಂಬ ನಂಬಿಕೆ ಹೋಗುತ್ತಿಲ್ಲ. ಹಾಗಾಗಿ ಇನ್ನೊಮ್ಮೆ ಬಿಡಿಸಿ ಹೇಳುತ್ತೇನೆ.

"ಇಡು", "ಇಡಿ", "ಇಡ್ತೀರಾ?", "ಸ್ವಲ್ಪ ಇಡೋಕಾಗುತ್ತಾ?" ಜೋರಾಗಿ ಹೇಳಿ ನೋಡಿ. ನಾಲ್ಕೂ ನೇರ ಮಾತುಗಳೇ. ಮರ್ಯಾದೆ ಮಾತ್ರ ಒಂದಕ್ಕಿಂತ ಒಂದರಲ್ಲಿ ಜಾಸ್ತಿ. ನಮ್ಮ ಭಾಷೆ ಮರ್ಯಾದೆಯನ್ನು ಕ್ರಿಯಾಪದದ ಕೊನೆಯಲ್ಲೇ ಇಟ್ಟುಕೊಟ್ಟಿದೆ. ಅದಕ್ಕಾಗಿ ವಿಷಯವನ್ನು ಮುಚ್ಚಿಡಬೇಕಿಲ್ಲ.

ನಿಮ್ಮ ಮೆಸೇಜೂ "ಇಡ್ತೀರಾ" ಎಂದೇ ಮುಗಿದಿದೆ. ಆದರೂ ಯಾಕೆ ಚುಚ್ಚಿತು? "ಇವತ್ತಾದ್ರೂ" ನೋಡಿ. ಆ "ಆದ್ರೂ" ಒಳಗೆ ನಿನ್ನೆ ಮೊನ್ನೆಯ ದೂರೆಲ್ಲ ಕೂತಿದೆ. "ಕೆಲವರು" ಅಂದಿರಿ. ಮೂವರ ಮನೆಯಲ್ಲಿ ಅದು ಯಾರೆಂದು ಎಲ್ಲರಿಗೂ ಗೊತ್ತು. ಹೆಸರು ಹೇಳದ್ದರಿಂದ ಅವರಿಗೆ ಅವಮಾನವಾಯಿತು, ಉತ್ತರ ಕೊಡಲು ದಾರಿಯೂ ಸಿಗಲಿಲ್ಲ. ಇನ್ನು "ಯಾರಾದ್ರೂ" ಅಂದಮೇಲೆ ಆ ಕೆಲಸ ಯಾರದೂ ಅಲ್ಲ.

ಈ ಮೂರನ್ನೂ ತೆಗೆಯಿರಿ. ವಾಸನೆಯ ಮಾತನ್ನೂ ಬಿಡಿ. ಹಿಂದಿನ ರಾತ್ರಿ, ಗ್ರೂಪಿನಲ್ಲಿ ಅಲ್ಲ, ಅವರೊಬ್ಬರಿಗೇ ಹೆಸರು ಹಿಡಿದು ಹೀಗೆ ಬರೆಯಿರಿ: "ನಾಳೆ ಹಸಿ ಕಸದ ಸರದಿ ನಿಮ್ಮದು. ಏಳು ಗಂಟೆಗೆ ಗಾಡಿ ಬರೋ ಮುಂಚೆ ಕೆಳಗಿಡ್ತೀರಾ? ಆಗಲ್ಲ ಅಂದ್ರೆ ಈಗಲೇ ಹೇಳಿ, ನಾನಿಟ್ಟು ನಾಡಿದ್ದು ನಿಮಗೆ ಬಿಡ್ತೀನಿ." ಆ ಕೊನೆಯ ಸಾಲು ಮುಖ್ಯ. "ಆಗಲ್ಲ" ಎನ್ನಲು ಜಾಗ ಇದ್ದರೇ ಅದು ಕೋರಿಕೆ, ಇಲ್ಲದಿದ್ದರೆ ಅಪ್ಪಣೆ.

ಹೀಗೆ ಮೂರು ಸಲ ಕೇಳಿದ ಮೇಲೂ ಕಸ ಅಲ್ಲೇ ಇದ್ದರೆ ಮಾತು ತಿದ್ದುವುದನ್ನು ನಿಲ್ಲಿಸಿ, ಕೆಲಸವನ್ನೇ ಬದಲಿಸಿ. ನೈಟ್ ಶಿಫ್ಟ್ ಮುಗಿಸಿ ಐದಕ್ಕೆ ಮಲಗುವವರಿಗೆ ಏಳು ಗಂಟೆಯ ಗಾಡಿ ಆಗಿಬರುವುದಿಲ್ಲ. ನೀರಿನ ಕ್ಯಾನ್ ತರಿಸುವುದನ್ನು ಅವರಿಗೆ ಕೊಟ್ಟು, ಕಸ ನೀವು ತೆಗೆದುಕೊಳ್ಳಿ.

ನೀವು ಕೇಳಿಲ್ಲ, ಆದರೂ ಹೇಳಿಬಿಡುತ್ತೇನೆ. ನಾಳೆ ಇಂಥ ಚುಚ್ಚುಮಾತು ನಿಮಗೇ ಬಂದರೆ? "ತೊಳೆದ ಪಾತ್ರೆ ನೋಡಿ ಎಷ್ಟು ದಿನ ಆಯ್ತೋ" ಎಂದು ಯಾರೋ ಬರೆಯುತ್ತಾರೆ. ಚುಚ್ಚಿದ್ದಕ್ಕೆ ಉತ್ತರ ಕೊಡಬೇಡಿ. ಅದರೊಳಗಿನ ಕೆಲಸಕ್ಕೆ ಕೊಡಿ: "ಪಾತ್ರೆ ನನ್ನದೇ. ಒಂಬತ್ತಕ್ಕೆ ತೊಳೆದಿಡ್ತೀನಿ." ಒಂಬತ್ತಕ್ಕೆ ತೊಳೆದೂ ಇಡಿ.