ಒಂದೇ ಬಸಾಲ್ಟ್ ಶಿಲೆಯಿಂದ ಎರೆಮಣ್ಣೂ ಜಂಬಿಟ್ಟಿಗೆಯೂ ಹೇಗೆ ಹುಟ್ಟಿದವು: ಬೀದರ್ ಉದಾಹರಣೆಯೊಂದಿಗೆ ಅಧ್ಯಯನ ಟಿಪ್ಪಣಿ

ದಖ್ಖನ್ ಪ್ರಸ್ಥಭೂಮಿಯ ಮಣ್ಣುಗಳನ್ನು ಓದುವಾಗ ಬಸಾಲ್ಟಿನಿಂದ ಕಪ್ಪು ಮಣ್ಣು, ಬೇರೆ ಶಿಲೆಗಳಿಂದ ಬೇರೆ ಮಣ್ಣು ಎಂಬ ಸೂತ್ರವನ್ನು ನಾನು ಬಹಳ ದಿನ ನಂಬಿದ್ದೆ. ಬೀದರ್ ಆ ಸೂತ್ರವನ್ನು ಮುರಿಯುತ್ತದೆ. ಬೀದರ್ ಕೋಟೆ ನಿಂತಿರುವ ಎತ್ತರದ ನೆಲದ ಮೇಲ್ಪದರ ಜಂಬಿಟ್ಟಿಗೆ, ಅದರ ಕೆಳಗಿರುವುದು ಬಸಾಲ್ಟ್; ಸುತ್ತಲಿನ ತಗ್ಗಿನಲ್ಲಿ ಅದೇ ಬಸಾಲ್ಟಿನ ಮೇಲೆ ಎರೆಭೂಮಿ ಹರಡಿದೆ. ಸುಮಾರು 6.6 ಕೋಟಿ ವರ್ಷಗಳ ಹಿಂದೆ ಹರಿದ ಲಾವಾದಿಂದಾದ ಒಂದೇ ಶಿಲೆ ಎರಡು ಮಣ್ಣಾಗಿದ್ದರೆ, ವ್ಯತ್ಯಾಸಕ್ಕೆ ಕಾರಣವನ್ನು ನೀರಿನ ಹಾದಿಯಲ್ಲಿ ಹುಡುಕಬೇಕು.

ನಾನು ಎಡವಿದ್ದು ಒಂದೇ ಹಂತದಲ್ಲಿ. ಜಂಬಿಟ್ಟಿಗೆಯಲ್ಲಿ ಸಿಲಿಕಾ ತೊಳೆದುಹೋಗಿ ಕಬ್ಬಿಣ ಮತ್ತು ಅಲ್ಯೂಮಿನಿಯಂ ಉಳಿಯುತ್ತವೆ ಎಂದು ಓದಿದಾಗ ಅದು ತಲೆಕೆಳಗಾಗಿ ತೋರಿತು. ಸಿಲಿಕಾ ಎಂದರೆ ಮರಳು, ಮರಳು ನೀರಿನಲ್ಲಿ ಕರಗುವುದಿಲ್ಲ, ಹಾಗಿದ್ದರೆ ಹೋಗಬೇಕಾದದ್ದು ಕಬ್ಬಿಣವಲ್ಲವೇ? ಉತ್ತರ ಹೀಗಿದೆ. ಬಸಾಲ್ಟಿನಲ್ಲಿರುವ ಸಿಲಿಕಾ ಮರಳಿನ ಸ್ಫಟಿಕಶಿಲೆಯ ರೂಪದಲ್ಲಿರುವುದು ತೀರ ವಿರಳ. ಅದು ಫೆಲ್ಡ್‌ಸ್ಪಾರ್ ಮತ್ತು ಪೈರಾಕ್ಸಿನ್ ಖನಿಜಗಳಲ್ಲಿ ಬೆಸೆದುಕೊಂಡಿರುತ್ತದೆ. ಆ ಖನಿಜಗಳು ಶಿಥಿಲಗೊಂಡಾಗ ಸಿಲಿಕಾ ಸಿಲಿಸಿಕ್ ಆಮ್ಲವಾಗಿ ಬಿಡುಗಡೆಯಾಗಿ, ಅಲ್ಪ ಪ್ರಮಾಣದಲ್ಲಾದರೂ ನೀರಿನಲ್ಲಿ ಕರಗುತ್ತದೆ. ಕಬ್ಬಿಣವಾದರೋ ಗಾಳಿ ತಗುಲಿದೊಡನೆ ಆಕ್ಸೈಡಾಗಿ, ಹೆಚ್ಚುಕಡಿಮೆ ಕರಗದ ಸ್ಥಿತಿಗೆ ಬಂದು, ಇದ್ದಲ್ಲೇ ಉಳಿಯುತ್ತದೆ.

ಇದನ್ನು ಒಂದು ಒರಟು ಲೆಕ್ಕದಿಂದ ಮನದಟ್ಟು ಮಾಡಿಕೊಂಡೆ. ಒಂದು ಘನಮೀಟರ್ ಬಸಾಲ್ಟಿನ ತೂಕ ಸುಮಾರು 2900 ಕಿಲೋ. ಅದರಲ್ಲಿ ಅರ್ಧದಷ್ಟು, ಅಂದರೆ 1450 ಕಿಲೋ, ಸಿಲಿಕಾ. ಒಂದು ಚದರ ಮೀಟರ್ ನೆಲದ ಮೂಲಕ ವರ್ಷಕ್ಕೆ 2500 ಲೀಟರ್ ನೀರು ಇಂಗಿ ಕೆಳಗೆ ಹರಿದುಹೋಗುತ್ತದೆಂದೂ, ಪ್ರತಿ ಲೀಟರ್ 10 ಮಿಲಿಗ್ರಾಂ ಸಿಲಿಕಾವನ್ನು ಒಯ್ಯುತ್ತದೆಂದೂ ಹಿಡಿದರೆ, ವರ್ಷಕ್ಕೆ 25 ಗ್ರಾಂ ಹೋಗುತ್ತದೆ. ಇಡೀ ಸಿಲಿಕಾ ಖಾಲಿಯಾಗಲು 58,000 ವರ್ಷ ಸಾಕು. ನಿಜದಲ್ಲಿ ಶಿಥಿಲೀಕರಣ ಇಷ್ಟು ಸರಾಗವಲ್ಲದ ಕಾರಣ ಹಲವು ಪಟ್ಟು ಹೆಚ್ಚು ಕಾಲ ಹಿಡಿಯುತ್ತದೆ, ಆದರೆ ಭೂವಿಜ್ಞಾನದ ಕಾಲಮಾನಕ್ಕೆ ಅದೂ ದೊಡ್ಡದಲ್ಲ. ಇಲ್ಲಿ ಮುಖ್ಯವಾದ ಪದ ‘ಹರಿದುಹೋಗುತ್ತದೆ’ ಎಂಬುದು. ಎಷ್ಟು ಮಳೆ ಬಿದ್ದರೂ ನೀರು ಹೊರಗೆ ಹೋಗದಿದ್ದರೆ ಸಿಲಿಕಾ ಅಲ್ಲೇ ಉಳಿಯುತ್ತದೆ.

ತಗ್ಗಿನಲ್ಲಿ ಆದದ್ದು ಅದೇ. ಮಳೆ ಕಡಿಮೆ, ಆವಿಯಾಗುವುದು ಹೆಚ್ಚು, ಬಸಿಯುವಿಕೆ ನಿಧಾನ. ಮೇಲಿನ ಇಳಿಜಾರಿನಿಂದ ಬಂದ ಸಿಲಿಕಾ, ಕ್ಯಾಲ್ಸಿಯಂ, ಮೆಗ್ನೀಸಿಯಂ ಕೂಡ ಸೇರಿಕೊಳ್ಳುತ್ತವೆ. ಇವು ಕೂಡಿ ಸ್ಮೆಕ್ಟೈಟ್ ಎಂಬ ಜೇಡಿ ಖನಿಜವಾಗುತ್ತವೆ. ಅದರ ಪದರಗಳ ನಡುವೆ ನೀರು ನುಗ್ಗಿದರೆ ಮಣ್ಣು ಉಬ್ಬುತ್ತದೆ, ಒಣಗಿದರೆ ಕುಗ್ಗಿ ಬಿರುಕು ಬಿಡುತ್ತದೆ. ಉಳಿದ ಸುಣ್ಣ ಗಂಟುಗಳಾಗಿ ಕೂರುತ್ತದೆ. ಆ ಗಂಟಿನ ಮೇಲೆ ಹುಳಿ ದ್ರಾವಣ ಹಾಕಿದರೆ ನೊರೆ ಬರುತ್ತದೆ, ಜಂಬಿಟ್ಟಿಗೆಯ ಕಲ್ಲಿನ ಮೇಲೆ ಬರುವುದಿಲ್ಲ. ಕಪ್ಪು ಬಣ್ಣ ಹೆಚ್ಚು ಸಾವಯವ ಅಂಶದ ಗುರುತಲ್ಲ ಎಂಬುದನ್ನೂ ನೆನಪಿಡಬೇಕು; ಈ ಮಣ್ಣುಗಳಲ್ಲಿ ಅದು ಸಾಮಾನ್ಯವಾಗಿ ಶೇ. 1ರ ಆಸುಪಾಸಿನಲ್ಲೇ ಇರುತ್ತದೆ.

ಹಾಗಾದರೆ ಇಂದು ಸಾಧಾರಣ ಮಳೆಯ ಬೀದರಿನಲ್ಲಿ ಜಂಬಿಟ್ಟಿಗೆ ಏಕಿದೆ? ಅದು ಇಂದಿನ ಮಳೆಯ ಫಲವಲ್ಲ. ಹೆಚ್ಚು ತೇವದ ಪ್ರಾಚೀನ ಹವಾಮಾನದಲ್ಲಿ ರೂಪುಗೊಂಡು ಗಟ್ಟಿಯಾದ ಪದರ. ಸುತ್ತಲಿನ ನೆಲ ಸವೆದುಹೋದರೂ ಅದು ಎತ್ತರದಲ್ಲಿ ಉಳಿಯಿತು. ರಂಧ್ರಮಯ ಜಂಬಿಟ್ಟಿಗೆಯಲ್ಲಿ ಇಳಿದ ನೀರು ಬಸಾಲ್ಟಿನ ಮೇಲೆ ತಡೆದು ನಿಲ್ಲುತ್ತದೆ. ಬೀದರಿನ ಹಳೆಯ ಸುರಂಗ ಬಾವಿಗಳು ಈ ನೀರನ್ನೇ ಆಶ್ರಯಿಸಿದ್ದವು.

ಬೆಳೆಯ ಆಯ್ಕೆಯೂ ಇಲ್ಲಿಂದಲೇ ತಿಳಿಯುತ್ತದೆ. ಒಂದು ಮೀಟರ್ ಆಳದ ಎರೆಮಣ್ಣು ಬೆಳೆಗೆ ಸಿಗುವಂತೆ ಸುಮಾರು 200 ಮಿ.ಮೀ. ನೀರು ಹಿಡಿಯಬಲ್ಲದು. ಆದ್ದರಿಂದ ವಿಜಯಪುರದ ಕಡೆ ಮಳೆಗಾಲ ಮುಗಿಯುವ ಹೊತ್ತಿಗೆ, ಸೆಪ್ಟೆಂಬರ್–ಅಕ್ಟೋಬರಿನಲ್ಲಿ, ಬಿತ್ತಿದ ಹಿಂಗಾರಿ ಜೋಳವೂ ಕಡಲೆ, ಕುಸುಬೆಗಳೂ ಮಣ್ಣೊಳಗಿನ ತೇವದಲ್ಲೇ ಬೆಳೆಯುತ್ತವೆ. ಆಳಕ್ಕೆ ಬೇರಿಳಿಸುವ ಹತ್ತಿಗೂ ಇದು ಹೊಂದುತ್ತದೆ. ಬಿರುಕುಗಳು ಅಗಲವಾದರೆ ತೇವ ಅಲ್ಲಿಂದ ಹೊರಟುಹೋಗುತ್ತದೆ, ಆದ್ದರಿಂದ ಎಡೆಕುಂಟೆ ಹೊಡೆದು ಅವನ್ನು ಮುಚ್ಚುತ್ತಾರೆ. ತಗ್ಗಿನಲ್ಲಿ ನೀರು ನಿಂತರೆ ತೊಗರಿ ಹಳದಿಯಾಗಿ ಸೊರಗುತ್ತದೆ. ಅಲ್ಲಿ ಬಸಿಗಾಲುವೆ ಬೇಕು.

ಜಂಬಿಟ್ಟಿಗೆಯ ಕಥೆ ಬೇರೆ. ನೀರು ಬೇಗ ಬಸಿಯುತ್ತದೆ, ಮಣ್ಣು ಹುಳಿಯಾಗಿರುತ್ತದೆ, ಹಾಕಿದ ರಂಜಕವನ್ನು ಕಬ್ಬಿಣ ಮತ್ತು ಅಲ್ಯೂಮಿನಿಯಂ ಹಿಡಿದಿಟ್ಟುಕೊಳ್ಳುತ್ತವೆ. ಹೀಗಾಗಿ ಬಡ ಮಣ್ಣನ್ನು ಸಹಿಸುವ ಗೇರು, ಮಳೆ ಹೆಚ್ಚಿರುವ ಕಡೆ ಮೇಲುಹೊದಿಕೆ ಮತ್ತು ಸೊಪ್ಪಿನ ಗೊಬ್ಬರ ಕೊಟ್ಟರೆ ಅಡಿಕೆ, ಕಾಳುಮೆಣಸು ಬರುತ್ತವೆ. ರಂಜಕದ ಗೊಬ್ಬರವನ್ನು ಎರಚುವುದಕ್ಕಿಂತ ಕೊಟ್ಟಿಗೆ ಗೊಬ್ಬರದೊಡನೆ ಬೆರೆಸಿ ಬೇರಿನ ಬಳಿ ಹಾಕಿದರೆ ಅದು ಮಣ್ಣಿಗೆ ತಾಗುವ ಪ್ರಮಾಣ ತಗ್ಗಿ, ಗಿಡಕ್ಕೆ ಹೆಚ್ಚು ದಕ್ಕುತ್ತದೆ.